ವಿಮೋಚನಾ ವೇಗ: ಎರಡನೇ ದರ್ಜೆಯ ಚಲನ ಸಮೀಕರಣವನ್ನು ಶಕ್ತಿಯ ದಾರಿಯಲ್ಲಿ ಬಿಡಿಸುವ ಸಮಗ್ರ ಮಾರ್ಗದರ್ಶಿ

ಭೂಮಿಯ ವಿಮೋಚನಾ ವೇಗ ಸೆಕೆಂಡಿಗೆ 11.2 ಕಿ.ಮೀ. ಎಂಬುದು ವಿಜ್ಞಾನ ಓದುವ ಹೆಚ್ಚಿನವರಿಗೆ ಬಾಯಿಪಾಠ. ನ್ಯೂಟನ್ನನ ಚಲನ ಸಮೀಕರಣದಿಂದ ಹೊರಟು ಆ ಸಂಖ್ಯೆಗೆ ಬನ್ನಿ ಎಂದಾಗ ಮಾತ್ರ ಬಹಳಷ್ಟು ಜನ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಸಮೀಕರಣವನ್ನು ಸರಿಯಾಗಿ ಬರೆಯುತ್ತಾರೆ, ಮರುಸಾಲಿನಲ್ಲೇ ಎರಡೂ ಬದಿಯನ್ನು ಸಮಯ t ಮೇಲೆ ಅನುಕಲಿಸಲು ಹೋಗುತ್ತಾರೆ. ಬಲಬದಿಯಲ್ಲಿ ಕೂತಿರುವ r ಸಮಯದ ಜೊತೆ ಹೇಗೆ ಬದಲಾಗುತ್ತದೆ ಎಂಬುದೇ ನಮಗಿನ್ನೂ ಗೊತ್ತಿಲ್ಲ. ಹಾಗಾಗಿ ಕೆಲವರು r ಅನ್ನು ಸ್ಥಿರ ಎಂದುಕೊಂಡು ಮುಂದುವರಿಯುತ್ತಾರೆ, ಉಳಿದವರು ಅಲ್ಲಿಗೇ ಪೆನ್ನು ಕೆಳಗಿಡುತ್ತಾರೆ.

ಇಲ್ಲಿ ಕೇಳಿರುವ ಪ್ರಶ್ನೆ "ಎಷ್ಟು ಹೊತ್ತಿಗೆ ಎಲ್ಲಿ" ಎಂಬುದಲ್ಲ, "ಎಷ್ಟು ದೂರದಲ್ಲಿ ಎಷ್ಟು ವೇಗ" ಎಂಬುದು. ಸಮಯವನ್ನು ಲೆಕ್ಕದಿಂದಲೇ ಹೊರಗಿಟ್ಟರೆ ಎರಡನೇ ದರ್ಜೆಯ ಸಮೀಕರಣ ಒಂದನೇ ದರ್ಜೆಗೆ ಇಳಿಯುತ್ತದೆ, ಆಮೇಲೆ ಮೂರು ಸಾಲಿನ ಕೆಲಸ.

## ಮೊದಲೇ ಕೈಯಲ್ಲಿರಬೇಕಾದದ್ದು

ಗ್ರಹದ ಎರಡು ಸಂಖ್ಯೆ ಬೇಕು: ಮೇಲ್ಮೈಯಲ್ಲಿ ಗುರುತ್ವ ವೇಗೋತ್ಕರ್ಷ g, ಮತ್ತು ಗ್ರಹದ ತ್ರಿಜ್ಯ R. ಭೂಮಿಗೆ g = 9.81 m/s², R = 6.371 × 10⁶ m ಎಂದು ಇಟ್ಟುಕೊಳ್ಳೋಣ. ಗಣಿತದಲ್ಲಿ ಚೈನ್ ರೂಲ್ ಮತ್ತು 1/r² ರ ಅನುಕಲ −1/r ಎಂಬುದು ಗೊತ್ತಿದ್ದರೆ ಸಾಕು. ವರ್ಗಮೂಲ ತೆಗೆಯುವ ಕ್ಯಾಲ್ಕುಲೇಟರ್ ಒಂದಿರಲಿ.

## ಹಂತ 1: ದೂರವನ್ನು ಕೇಂದ್ರದಿಂದ ಅಳೆಯಿರಿ

ಗ್ರಹವನ್ನು ಒಂದು ವೃತ್ತವಾಗಿ ಬರೆದು, ಕೇಂದ್ರದಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಕೇಂದ್ರದಿಂದ ವಸ್ತುವಿಗಿರುವ ದೂರವೇ r. ಹೊರಗೆ ಹೋಗುವ ದಿಕ್ಕು ಧನ. ನೆಲದ ಮೇಲೆ r = R, h ಎತ್ತರದಲ್ಲಿ r = R + h.

ಅರ್ಧದಷ್ಟು ತಪ್ಪುಗಳು ಇಲ್ಲೇ ಹುಟ್ಟುತ್ತವೆ. ಎತ್ತರ h ಅನ್ನೇ r ಎಂದು ಬರೆದವರಿಗೆ ನೆಲದ ಮೇಲೆ r = 0 ಆಗಿ, 1/r² ಅನಂತವಾಗಿಬಿಡುತ್ತದೆ. ಲೆಕ್ಕದ ನಡುವೆ ಎಲ್ಲಾದರೂ ಸೊನ್ನೆಯಿಂದ ಭಾಗಿಸಬೇಕಾಗಿ ಬಂದರೆ ಮೊದಲು ನೋಡಬೇಕಾದ ಜಾಗ ಇದು.

## ಹಂತ 2: ಸಮೀಕರಣ ಬರೆದು, GM ಅನ್ನು ಬದಲಿಸಿ

ವಸ್ತುವಿನ ಮೇಲೆ ಗುರುತ್ವ ಒಂದೇ ಕೆಲಸ ಮಾಡುತ್ತಿದೆ ಎಂದುಕೊಂಡರೆ:

d²r/dt² = −GM/r²

ವಸ್ತುವಿನ ದ್ರವ್ಯರಾಶಿ m ಎರಡೂ ಕಡೆ ಹೊಡೆದುಹೋಗಿದೆ. ಆದ್ದರಿಂದ ಕಲ್ಲಿಗೂ ಉಪಗ್ರಹಕ್ಕೂ ಇದೇ ಸಮೀಕರಣ. ಋಣ ಚಿಹ್ನೆ ಬಿಡಬೇಡಿ. ನಾವು ಹೊರದಿಕ್ಕನ್ನು ಧನ ಎಂದಿದ್ದೇವೆ, ಗುರುತ್ವ ಒಳಕ್ಕೆ ಎಳೆಯುತ್ತದೆ. ಚಿಹ್ನೆ ಬಿಟ್ಟರೆ ಮೇಲಕ್ಕೆಸೆದ ವಸ್ತು ಹೋಗಹೋಗುತ್ತಾ ವೇಗ ಹೆಚ್ಚಿಸಿಕೊಳ್ಳುತ್ತದೆ, ಯಾವ ವೇಗದಲ್ಲಿ ಎಸೆದರೂ ತಪ್ಪಿಸಿಕೊಳ್ಳುತ್ತದೆ.

G ಮತ್ತು M ಎರಡರ ಬೆಲೆಯನ್ನೂ ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ. ನೆಲದ ಮೇಲೆ, ಅಂದರೆ r = R ಆದಾಗ, ಈ ಎಳೆತ g ಗೆ ಸಮ. ಹಾಗಾಗಿ GM/R² = g, ಅಂದರೆ GM = gR². ಇದನ್ನು ಹಾಕಿದರೆ:

d²r/dt² = −gR²/r²

g ಎಂಬುದು ಇಲ್ಲಿ ನೆಲದ ಮೇಲಿನ ಬೆಲೆ ಮಾತ್ರ, ಅದು ಬದಲಾಗುವುದಿಲ್ಲ. ಎತ್ತರಕ್ಕೆ ಹೋದಂತೆ ಎಳೆತ ಕಡಿಮೆಯಾಗುವ ಸಂಗತಿಯನ್ನು ಕೆಳಗಿರುವ r² ನೋಡಿಕೊಳ್ಳುತ್ತದೆ.

## ಹಂತ 3: ಸಮಯವನ್ನು ಹೊರಗೆ ಕಳಿಸಿ

ಮೇಲಿನ ಸಮೀಕರಣವನ್ನು ಒಮ್ಮೆ ನಿಧಾನವಾಗಿ ನೋಡಿ. t ಬರುವುದು ಎಡಬದಿಯ ಅವಕಲನದಲ್ಲಿ ಮಾತ್ರ. ಬಲಬದಿಯಲ್ಲಿ t ಇಲ್ಲ, ವೇಗವೂ ಇಲ್ಲ, r ಒಂದೇ ಇದೆ. ಈ ಲಕ್ಷಣ ಕಂಡ ಕಡೆಯೆಲ್ಲಾ ದರ್ಜೆ ಇಳಿಸುವ ಕೆಲಸ ನಡೆಯುತ್ತದೆ.

v = dr/dt ಎಂದಿಟ್ಟುಕೊಳ್ಳಿ. ಆಗ ಎಡಬದಿ dv/dt. ವೇಗವನ್ನು ಸಮಯದ ಬದಲು ದೂರದ ಮೇಲೆ ಅವಲಂಬಿಸಿದ್ದೆಂದು ನೋಡಿದರೆ, ಚೈನ್ ರೂಲ್ ಪ್ರಕಾರ:

dv/dt = (dv/dr)(dr/dt) = v dv/dr

ಸಮೀಕರಣ ಈಗ ಹೀಗಾಯಿತು:

v dv/dr = −gR²/r²

ಎರಡನೇ ಅವಕಲನ ಮಾಯವಾಗಿದೆ, t ಕೂಡ ಇಲ್ಲ. ಉಳಿದಿರುವುದು v ಮತ್ತು r ಎರಡೇ. v ಇರುವುದೆಲ್ಲಾ ಒಂದು ಕಡೆ, r ಇರುವುದೆಲ್ಲಾ ಇನ್ನೊಂದು ಕಡೆ ತಂದಿಡಬಹುದು: v dv = −gR² dr/r².

ಎಡಬದಿಯ v ಅನ್ನು ಮರೆತು ಬರೀ dv/dr = −gR²/r² ಎಂದು ಬರೆಯುವುದು ಈ ಹಂತದ ಸಾಮಾನ್ಯ ತಪ್ಪು. ಆಯಾಮ ನೋಡಿದರೆ ತಕ್ಷಣ ಸಿಕ್ಕಿಬೀಳುತ್ತದೆ: dv/dr ಗೆ ಬರುವುದು 1/s, ಬಲಬದಿಯಲ್ಲಿರುವುದು m/s². ಎರಡೂ ಬದಿಯಲ್ಲಿ m/s² ಬರಬೇಕು.

ಇದೇ ಕೆಲಸಕ್ಕೆ ಇನ್ನೊಂದು ದಾರಿಯೂ ಇದೆ, ಶಕ್ತಿ ಎಲ್ಲಿಂದ ಬಂತು ಎಂಬುದು ಅದರಲ್ಲಿ ಎದ್ದು ಕಾಣುತ್ತದೆ. ಮೂಲ ಸಮೀಕರಣದ ಎರಡೂ ಬದಿಯನ್ನು dr/dt ಯಿಂದ ಗುಣಿಸಿ. ಎಡಬದಿ ½(dr/dt)² ಎಂಬುದರ ಅವಕಲನ, ಬಲಬದಿ gR²/r ಎಂಬುದರ ಅವಕಲನ. ಎರಡನ್ನೂ ಒಂದೇ ಕಡೆ ತಂದರೆ:

d/dt [ ½v² − gR²/r ] = 0

ಆವರಣದ ಒಳಗಿರುವುದು ಬದಲಾಗುವುದೇ ಇಲ್ಲ. ½v² ಎಂಬುದು ಒಂದು ಕಿಲೋಗ್ರಾಂಗೆ ಬರುವ ಚಲನ ಶಕ್ತಿ, −gR²/r ಎಂಬುದು ಒಂದು ಕಿಲೋಗ್ರಾಂಗೆ ಬರುವ ಪ್ರಚ್ಛನ್ನ ಶಕ್ತಿ. ಶಕ್ತಿ ಸಂರಕ್ಷಣೆಯನ್ನು ನಾವು ಹೊರಗಿನಿಂದ ತಂದು ಹಾಕಲಿಲ್ಲ, ಚಲನ ಸಮೀಕರಣವನ್ನು ಒಮ್ಮೆ ಅನುಕಲಿಸಿದಾಗ ತಾನೇ ಬಂತು.

ಎರಡರಲ್ಲಿ ಯಾವುದನ್ನು ಆರಿಸಬೇಕು? ಪರೀಕ್ಷೆಯಲ್ಲಿ v dv/dr ಬೇಗ ಮುಗಿಯುತ್ತದೆ. ಆದರೆ ವಸ್ತು ಮೇಲೆ ಹೋಗಿ ವಾಪಸ್ ಬೀಳುವ ಲೆಕ್ಕವಿದ್ದರೆ ಎರಡನೆಯದೇ ಭದ್ರ ಎಂದು ನನ್ನ ಅಭಿಪ್ರಾಯ. v ಅನ್ನು r ನ ಮೇಲೆ ಅವಲಂಬಿಸಿದ್ದೆಂದು ಬರೆಯಬೇಕಾದರೆ ಒಂದು ದೂರಕ್ಕೆ ಒಂದೇ ವೇಗ ಇರಬೇಕು. ಹೋಗುವಾಗಲೂ ಬರುವಾಗಲೂ ಅದೇ ದೂರ ಎರಡು ಸಲ ಸಿಗುವುದರಿಂದ ಚಿಹ್ನೆಯ ಗೊಂದಲವಾಗುತ್ತದೆ. ಗುಣಿಸುವ ದಾರಿಯಲ್ಲಿ ಆ ತೊಂದರೆಯಿಲ್ಲ, ಅಲ್ಲಿ ಬರುವುದು v².

## ಹಂತ 4: ಮಿತಿಗಳನ್ನು ಹಾಕಿ ಅನುಕಲಿಸಿ

ನೆಲದಿಂದ v₀ ವೇಗದಲ್ಲಿ ಹೊರಟಿದೆ. ಎಡಬದಿಯಲ್ಲಿ v₀ ಯಿಂದ v ವರೆಗೆ, ಬಲಬದಿಯಲ್ಲಿ R ನಿಂದ r ವರೆಗೆ:

½v² − ½v₀² = gR² (1/r − 1/R)

ಎರಡರಿಂದ ಗುಣಿಸಿ ಜೋಡಿಸಿಕೊಂಡರೆ:

v² = v₀² − 2gR + 2gR²/r

ಈ ಸಾಲನ್ನು ಒಂದು ಚೌಕದೊಳಗೆ ಬರೆದುಕೊಳ್ಳಿ, ಮುಂದಿನದೆಲ್ಲಾ ಇದರಿಂದಲೇ. ಮೇಲೆ ಹೋಗುವ ಮುನ್ನ ಒಂದು ಪರೀಕ್ಷೆ ಮಾಡಿ: r = R ಎಂದು ಹಾಕಿದರೆ ಕೊನೆಯ ಪದ 2gR ಆಗಿ, v² = v₀² ಉಳಿಯಬೇಕು. ಉಳಿಯದಿದ್ದರೆ ಕೆಳಗಿನ ಮಿತಿಯನ್ನು ಎಲ್ಲೋ ಬಿಟ್ಟಿದ್ದೀರಿ. ಮಿತಿ ಹಾಕದೆ "+ C" ಬರೆದವರೂ ಇದೇ ಷರತ್ತಿನಿಂದ C ಕಂಡುಹಿಡಿಯಬೇಕು. C ಯನ್ನು ಸೊನ್ನೆ ಎಂದು ಸುಮ್ಮನೆ ಬಿಟ್ಟುಬಿಟ್ಟರೆ v₀ ಲೆಕ್ಕದಿಂದಲೇ ಕಾಣೆಯಾಗುತ್ತದೆ.

## ಹಂತ 5: ಬಹುದೂರ ಹೋದಾಗ ಏನು ಉಳಿಯುತ್ತದೆ ನೋಡಿ

r ದೊಡ್ಡದಾದಂತೆ 2gR²/r ಕರಗುತ್ತಾ ಹೋಗುತ್ತದೆ. ಕೊನೆಗೆ ಉಳಿಯುವುದು v₀² − 2gR. ಇದರ ಚಿಹ್ನೆಯೇ ಎಲ್ಲವನ್ನೂ ಹೇಳುತ್ತದೆ.

ಅದು ಋಣವಾದರೆ, v² ಎಲ್ಲೋ ಒಂದು ಕಡೆ ಸೊನ್ನೆ ಮುಟ್ಟಲೇಬೇಕು. ವಸ್ತು ಅಲ್ಲಿ ನಿಂತು ಹಿಂದಿರುಗುತ್ತದೆ. ಧನವಾದರೆ, ಎಷ್ಟು ದೂರ ಹೋದರೂ v² ಸೊನ್ನೆಯಾಗುವುದಿಲ್ಲ, ವಸ್ತು ನಿಲ್ಲಲು ಜಾಗವೇ ಇಲ್ಲ. ಸರಿಯಾಗಿ ಸೊನ್ನೆಯಾದಾಗ v² = 2gR²/r ಉಳಿಯುತ್ತದೆ; ವೇಗ ಇಳಿಯುತ್ತಲೇ ಇರುತ್ತದೆ, ಆದರೆ ಯಾವ ನಿಶ್ಚಿತ ದೂರದಲ್ಲೂ ಸೊನ್ನೆಯಾಗುವುದಿಲ್ಲ. ಹಿಂದಿರುಗದಿರಲು ಬೇಕಾದ ಕನಿಷ್ಠ ವೇಗ ಈ ಗಡಿಯಲ್ಲೇ ಸಿಗುತ್ತದೆ:

vₑ = √(2gR)

"ಅನಂತದಲ್ಲಿ ವೇಗ ಸೊನ್ನೆ" ಎಂದು ಒಂದೇ ಸಾಲಲ್ಲಿ ಬರೆದು ಸೂತ್ರಕ್ಕೆ ಹಾರುವವರು ಹೆಚ್ಚು. ಉತ್ತರ ಸರಿ ಬರುತ್ತದೆ, ಆದರೆ ಇದು ಕನಿಷ್ಠ ಹೇಗಾಯಿತು ಎಂಬುದು ಉಳಿದುಹೋಗುತ್ತದೆ. ಮೂರೂ ಸಂದರ್ಭಗಳನ್ನು ಬರೆಯಿರಿ.

ಮೊದಲ ಸಂದರ್ಭದಲ್ಲಿ ವಸ್ತು ನಿಲ್ಲುವ ದೂರವೂ ಬೇಕಾಗುತ್ತದೆ. v = 0 ಹಾಕಿ r ಗೆ ಬಿಡಿಸಿದರೆ:

r_max = R / (1 − v₀²/2gR)

## ಹಂತ 6: ಭೂಮಿಗೆ ಸಂಖ್ಯೆ ಹಾಕಿ

2gR = 2 × 9.81 × 6.371 × 10⁶ = 1.25 × 10⁸ m²/s². ವರ್ಗಮೂಲ 11,180 m/s, ಅಂದರೆ 11.18 km/s. 11.2 ಎಂಬುದು ಇದನ್ನೇ ಅಂದಾಜು ಮಾಡಿದ್ದು.

ಇಲ್ಲಿಗೆ ನಿಲ್ಲಿಸದೆ ಆಚೀಚಿನ ವೇಗಗಳನ್ನೂ ಹಾಕಿ ನೋಡಿ. ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಹೊರಟರೆ v₀² = 1.00 × 10⁸, v₀²/2gR = 0.8. ಹಾಗಾಗಿ r_max = R/0.2 = 5R. ಕೇಂದ್ರದಿಂದ 5R ಎಂದರೆ ನೆಲದಿಂದ 4R, ಸುಮಾರು 25,500 ಕಿ.ಮೀ. ಎತ್ತರ. ಇಲ್ಲಿ R ಕಳೆಯುವುದನ್ನು ಮರೆಯಬೇಡಿ.

ಅದೇ ವೇಗಕ್ಕೆ, ಹೈಸ್ಕೂಲಿನಲ್ಲಿ ಕಲಿತ v² = v₀² − 2gh ಬಳಸಿದರೆ h = 10⁸/19.62, ಸುಮಾರು 5,100 ಕಿ.ಮೀ. ಮಾತ್ರ. ನಿಜವಾದ ಎತ್ತರ ಅದರ ಐದು ಪಟ್ಟು. ಆ ಸೂತ್ರದಲ್ಲಿ ಗುರುತ್ವ ಎಲ್ಲಿ ಹೋದರೂ 9.81 ಆಗಿಯೇ ಇರುತ್ತದೆ, ಆದ್ದರಿಂದ ಎಷ್ಟೇ ಜೋರಾಗಿ ಎಸೆದರೂ ವಸ್ತು ಒಂದಲ್ಲ ಒಂದು ಕಡೆ ನಿಲ್ಲುತ್ತದೆ. ಸ್ಥಿರ ಗುರುತ್ವದಲ್ಲಿ ವಿಮೋಚನಾ ವೇಗ ಎಂಬುದೇ ಇಲ್ಲ.

ಇನ್ನು 11 ಕಿ.ಮೀ. ಹಾಕಿ: 1.21/1.25 = 0.968, r_max = R/0.032, ಅಂದರೆ 31.25R, ಸುಮಾರು 1,99,000 ಕಿ.ಮೀ. 11.1 ಹಾಕಿದರೆ ಸುಮಾರು 4,45,000 ಕಿ.ಮೀ. ಬರುತ್ತದೆ, ಚಂದ್ರನ ಸರಾಸರಿ ದೂರವಾದ 3,84,400 ಕಿ.ಮೀ. ಗಿಂತಲೂ ಆಚೆ. ಸೆಕೆಂಡಿಗೆ ನೂರು ಮೀಟರ್ ಹೆಚ್ಚಾದದ್ದಕ್ಕೆ ದೂರ ಎರಡು ಪಟ್ಟು ದಾಟಿತು! ಗಡಿಯ ಹತ್ತಿರ ಛೇದ ಸೊನ್ನೆಗೆ ಹತ್ತಿರವಾಗುವುದರಿಂದ ಹೀಗಾಗುತ್ತದೆ. ಆದ್ದರಿಂದ ಈ ಭಾಗದಲ್ಲಿ ಸಂಖ್ಯೆಗಳನ್ನು ನಡುವೆ ಅಂದಾಜು ಮಾಡಬೇಡಿ. 0.968 ಅನ್ನು 0.97 ಎಂದು ಬರೆದುಕೊಂಡರೆ 31.25R ಬದಲು 33.3R ಬರುತ್ತದೆ, 13,000 ಕಿ.ಮೀ. ತಪ್ಪು.

ಗಡಿ ದಾಟಿದ 12 ಕಿ.ಮೀ. ಗೆ ಬನ್ನಿ. ಬಹುದೂರದಲ್ಲಿ ಉಳಿಯುವ ವೇಗ ಎಷ್ಟು? 12 ರಲ್ಲಿ 11.18 ಕಳೆದು 0.82 ಎಂದು ಬರೆಯುವುದು ತಪ್ಪು. ಕಳೆಯಬೇಕಾದದ್ದು ವೇಗಗಳನ್ನಲ್ಲ, ವರ್ಗಗಳನ್ನು: 1.44 × 10⁸ − 1.25 × 10⁸ = 0.19 × 10⁸. ವರ್ಗಮೂಲ ಸೆಕೆಂಡಿಗೆ 4.36 ಕಿ.ಮೀ.

## ಹಂತ 7: ತಪ್ಪು ಉತ್ತರವನ್ನು ನೋಡಿಯೇ ತಪ್ಪನ್ನು ಗುರುತಿಸಿ

ಭೂಮಿಗೆ 354 ಬಂದಿದ್ದರೆ ತ್ರಿಜ್ಯವನ್ನು ಕಿಲೋಮೀಟರಿನಲ್ಲೇ ಬಿಟ್ಟಿದ್ದೀರಿ. g ಮೀಟರಿನಲ್ಲಿದೆ, R ಕೂಡ ಮೀಟರಿನಲ್ಲೇ ಇರಬೇಕು. 15.8 ಕಿ.ಮೀ. ಬಂದರೆ ತ್ರಿಜ್ಯದ ಬದಲು ವ್ಯಾಸ ಹಾಕಿದ್ದೀರಿ. 7.9 ಕಿ.ಮೀ. ಬಂದರೆ ½v² ರಲ್ಲಿರುವ ½ ಎಲ್ಲೋ ಬಿದ್ದುಹೋಗಿದೆ. ಈ 7.9 ನಿಜವಾಗಿಯೂ ಒಂದು ವೇಗವೇ, ನೆಲಕ್ಕೆ ಅಂಟಿಕೊಂಡಂತೆ ಭೂಮಿಯನ್ನು ಸುತ್ತಲು ಬೇಕಾದ √(gR). ಹಾಗಾಗಿ ನೋಡಿದರೆ ಅನುಮಾನವೇ ಬರುವುದಿಲ್ಲ, ಅದಕ್ಕೇ ಇದು ಅಪಾಯಕಾರಿ.

ಬೇರೆ ಗ್ರಹದ ಲೆಕ್ಕ ಮಾಡುವಾಗ ಅಲ್ಲಿನ g ಹಾಕಬೇಕು. ಮಂಗಳಕ್ಕೆ g = 3.71, R = 3.39 × 10⁶ m. ಸೂತ್ರ ಕೊಡುವುದು 5.0 km/s. ತ್ರಿಜ್ಯವನ್ನು ಮಾತ್ರ ಬದಲಿಸಿ g ಯನ್ನು 9.81 ಆಗಿಯೇ ಬಿಟ್ಟವರಿಗೆ 8.2 ಬರುತ್ತದೆ. ನಮ್ಮ ಚಂದ್ರನಿಗೆ 1.62 ಮತ್ತು 1.737 × 10⁶ ಹಾಕಿ, 2.37 km/s ಬಂದರೆ ನಿಮ್ಮ ಕೈ ಕುದುರಿದೆ.

## ಹಂತ 8: ಕಂಪ್ಯೂಟರಿನಲ್ಲಿ ತಾಳೆ ನೋಡಿ

ಪೈಥಾನ್ ಇದ್ದರೆ, ಶಕ್ತಿಯ ಮಾತನ್ನೇ ಎತ್ತದೆ ಮೂಲ ಸಮೀಕರಣವನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಓಡಿಸಿ ನೋಡಬಹುದು.

```python
g, R = 9.81, 6.371e6
r, v, dt = R, 10000.0, 0.1
while v > 0:
    v -= g * R**2 / r**2 * dt
    r += v * dt
print(r / R)
```

ಉತ್ತರ 5 ಕ್ಕೆ ತೀರಾ ಹತ್ತಿರ ಬರಬೇಕು. dt ಯನ್ನು ಚಿಕ್ಕದು ಮಾಡಿದಷ್ಟೂ ಇನ್ನೂ ಹತ್ತಿರವಾಗುತ್ತದೆ. 10000.0 ಜಾಗದಲ್ಲಿ 12000.0 ಹಾಕಿದರೆ ಲೂಪ್ ನಿಲ್ಲುವುದೇ ಇಲ್ಲ, v ಎಂದೂ ಸೊನ್ನೆಗೆ ಇಳಿಯುವುದಿಲ್ಲ. Ctrl+C ಒತ್ತಿ ನಿಲ್ಲಿಸಿ.

## ಸಮಯವೂ ಬೇಕೆಂದರೆ

ನಾವು ಹೊರಗೆ ಕಳಿಸಿದ ಸಮಯವನ್ನು ವಾಪಸ್ ತರಲು ಇನ್ನೊಮ್ಮೆ ಅನುಕಲಿಸಬೇಕು. ಎಲ್ಲಾ v₀ ಗೂ ಇದು ಸಲೀಸಲ್ಲ. ಸರಿಯಾಗಿ vₑ ವೇಗದಲ್ಲಿ ಹೊರಟ ಸಂದರ್ಭದಲ್ಲಿ ಮಾತ್ರ ಸುಲಭ. ಅಲ್ಲಿ dr/dt = vₑ√(R/r), √r ಅನ್ನು ಎಡಕ್ಕೆ ತಂದು ಅನುಕಲಿಸಿದರೆ:

t = (2R/3vₑ) [ (r/R)^(3/2) − 1 ]

ಚಂದ್ರನಷ್ಟು ದೂರಕ್ಕೆ r/R = 60.3 ಹಾಕಿದರೆ ಸುಮಾರು 49 ಗಂಟೆ ಬರುತ್ತದೆ. ವರ್ಗಮೂಲ ತೆಗೆಯುವಾಗ ಧನ ಚಿಹ್ನೆ ಆರಿಸಿಕೊಂಡದ್ದು ವಸ್ತು ಹೊರಕ್ಕೆ ಹೋಗುತ್ತಿರುವುದರಿಂದ. ಆ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ.

## ಈ ಲೆಕ್ಕ ಎಲ್ಲಿ ನಿಲ್ಲುತ್ತದೆ

ಬಲ r ಒಂದರ ಮೇಲೆ ಅವಲಂಬಿಸಿದ್ದರಿಂದಲೇ ಹಂತ 3 ಸಾಧ್ಯವಾಯಿತು. ಗಾಳಿಯ ತಡೆಯನ್ನು ಸೇರಿಸಿದರೆ ಬಲಬದಿಗೆ v ಬರುತ್ತದೆ. v dv/dr ಎಂದು ಆಗಲೂ ಬರೆಯಬಹುದು, ಆದರೆ ½v² − gR²/r ಇನ್ನು ಸ್ಥಿರವಲ್ಲ. ಉರಿಯುತ್ತಿರುವ ಎಂಜಿನ್ ಸೇರಿಸಿದರೆ ಬಲಬದಿಗೆ t ಬಂದುಬಿಡುತ್ತದೆ, ಸಮಯವನ್ನು ಹೊರಗೆ ಕಳಿಸುವ ಉಪಾಯವೇ ನಡೆಯುವುದಿಲ್ಲ. ಆದ್ದರಿಂದ vₑ ಎಂಬುದು ಎಂಜಿನ್ ಆರಿದ ಮೇಲೆ ಬರೀ ವೇಗದ ಬಲದಲ್ಲಿ ಹೋಗುವ ವಸ್ತುವಿನ ಮಾತು. ಎಂಜಿನ್ ಆರುವುದು h ಎತ್ತರದಲ್ಲಾದರೆ ಆರಂಭದ ಬಿಂದು R ಅಲ್ಲ, R + h; ಆಗ vₑ = √(2gR²/(R + h)). 300 ಕಿ.ಮೀ. ಎತ್ತರದಲ್ಲಿ ಇದು 10.9 km/s.

ದಿಕ್ಕಿನ ವಿಷಯಕ್ಕೆ ಬಂದರೆ, r_max ಸೂತ್ರ ನೇರ ಮೇಲಕ್ಕೆ ಹೋಗುವ ವಸ್ತುವಿಗೆ ಮಾತ್ರ. ಓರೆಯಾಗಿ ಹೊರಟದ್ದು ತುತ್ತತುದಿಯಲ್ಲೂ ಪಕ್ಕಕ್ಕೆ ಚಲಿಸುತ್ತಲೇ ಇರುತ್ತದೆ, ಅದರ ವೇಗ ಅಲ್ಲಿ ಸೊನ್ನೆಯಲ್ಲ. vₑ ಗೆ ಮಾತ್ರ ಈ ನಿರ್ಬಂಧವಿಲ್ಲ. ಶಕ್ತಿಗೆ ದಿಕ್ಕಿಲ್ಲದ ಕಾರಣ, ನೆಲಕ್ಕೆ ಬಡಿಯದ ಯಾವ ದಿಕ್ಕಿನಲ್ಲಿ ಹೊರಟರೂ ಬೆಲೆ ಅದೇ.

ಚಂದ್ರನತ್ತ ಹೋಗುವ ನೌಕೆಗಳಿಗೆ ಭೂಮಿಯ ವಿಮೋಚನಾ ವೇಗ ಬೇಕೇ ಎಂಬ ಪ್ರಶ್ನೆಯನ್ನೂ ಈಗ ನೀವೇ ಬಿಡಿಸಬಹುದು. r_max = 60.3R ಎಂದಿಟ್ಟು v₀ ಗೆ ಬಿಡಿಸಿದರೆ 11.09 km/s ಬರುತ್ತದೆ, vₑ ಗಿಂತ ಸೆಕೆಂಡಿಗೆ ಸುಮಾರು 90 ಮೀಟರ್ ಕಡಿಮೆ. 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಹೊರಟ ಚಂದ್ರಯಾನ-3 ಇಷ್ಟು ವೇಗವನ್ನೂ ಒಮ್ಮೆಗೇ ಪಡೆಯಲಿಲ್ಲ. ಮೊದಲು ಭೂಮಿಯ ಸುತ್ತ ಉದ್ದನೆಯ ಕಕ್ಷೆ ಸೇರಿ, ಎಂಜಿನ್ನನ್ನು ಮತ್ತೆ ಮತ್ತೆ ಉರಿಸಿ ಕಕ್ಷೆಯನ್ನು ಹಿಗ್ಗಿಸಿಕೊಂಡು, ಆಗಸ್ಟ್ ಮೊದಲ ದಿನ ಚಂದ್ರನ ಹಾದಿ ಹಿಡಿಯಿತು. ಒಂದೊಂದು ಉರಿಸುವಿಕೆಯಲ್ಲೂ ½v² − gR²/r ಎಂಬ ಋಣ ಸಂಖ್ಯೆ ಸೊನ್ನೆಯ ಕಡೆ ಒಂದಿಷ್ಟು ಏರುತ್ತಿತ್ತು, ಎಂಜಿನ್ ಆರಿದ ಮೇಲೆ ಮುಂದಿನ ಉರಿಸುವಿಕೆಯವರೆಗೆ ಬಹುಮಟ್ಟಿಗೆ ಹಾಗೇ ಉಳಿಯುತ್ತಿತ್ತು.